399ಕ್ಕೆ 96 ಜನ, 599ಕ್ಕೆ 75 ಜನ: ಯಾವ ಬೆಲೆ ಇಟ್ಟುಕೊಳ್ಳಲಿ?

ಹುಬ್ಬಳ್ಳಿ_ಹಾಜರಿ

ನಮಸ್ಕಾರ. ನಾನು ಮತ್ತು ನಮ್ಮ ಸೋದರಮಾವನ ಮಗ ಸೇರಿ ಟ್ಯೂಷನ್ ಸೆಂಟರ್‌ಗಳಿಗೆ ಒಂದು ಸಾಫ್ಟ್‌ವೇರ್ ಮಾಡಿದ್ದೇವೆ. ಹಾಜರಿ, ಫೀಸು, ಪಾಲಕರಿಗೆ ಮೆಸೇಜು, ಇಷ್ಟೇ ಕೆಲಸ. ಮೊದಲಿಂದ ತಿಂಗಳಿಗೆ 399 ಇತ್ತು. "ಇಷ್ಟು ಕಡಿಮೆ ಯಾಕೆ ಇಟ್ಟಿದ್ದೀರಿ" ಅಂತ ಗ್ರಾಹಕರೇ ಒಬ್ಬರು ಕೇಳಿದ ಮೇಲೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯ್ತು.

ಅದಕ್ಕೆ ಪ್ರೈಸಿಂಗ್ ಪೇಜ್‌ನಲ್ಲಿ ಎರಡು ಬೆಲೆ ಇಟ್ಟು ನೋಡಿದೆ. ಹೊಸದಾಗಿ ಬಂದವರಲ್ಲಿ ಒಬ್ಬರಿಗೆ 399, ಮುಂದಿನವರಿಗೆ 599. ಪೇಜಿನಲ್ಲಿ ಬೇರೆ ಏನೂ ಬದಲಾಯಿಸಿಲ್ಲ. ವರ್ಷದ ಪ್ಲಾನ್ ಅಷ್ಟು ದಿನ ತೆಗೆದಿಟ್ಟಿದ್ದೆ. ಆರು ವಾರದಲ್ಲಿ ಎರಡೂ ಕಡೆ 3,000 ಜನ ಆದಾಗ ನಿಲ್ಲಿಸಿದೆ.

399 ನೋಡಿದವರಲ್ಲಿ 96 ಜನ ದುಡ್ಡು ಕಟ್ಟಿದರು, ಅಂದರೆ 3.2%. 599 ನೋಡಿದವರಲ್ಲಿ 75 ಜನ, 2.5%.

ನಮ್ಮ ಹುಡುಗ "21 ಗಿರಾಕಿ ಹೋದರಲ್ಲ, 399ಕ್ಕೇ ವಾಪಸ್ ಹಾಕು" ಅಂತಾನೆ. ನನಗೆ ಯಾಕೋ ಹಾಗನ್ನಿಸುತ್ತಿಲ್ಲ. ನೀವೇನಂತೀರಿ?

ಗ್ರೋತ್_ಗಿರಿ

ನಿಮ್ಮ ಹುಡುಗನ ಲೆಕ್ಕ ತಪ್ಪು ಗುರು. ಗಿರಾಕಿ ಎಣಿಸಬೇಡಿ, ದುಡ್ಡು ಎಣಿಸಿ.

96 × 399 = 38,304. 75 × 599 = 44,925. ಎರಡನ್ನೂ 3,000ದಿಂದ ಭಾಗಿಸಿ. ಪೇಜಿಗೆ ಬಂದ ಒಬ್ಬೊಬ್ಬರಿಂದ ಮೊದಲನೆಯದರಲ್ಲಿ 12.77 ರೂಪಾಯಿ, ಎರಡನೆಯದರಲ್ಲಿ 14.98. 17% ಜಾಸ್ತಿ! ಕನ್ವರ್ಶನ್ ಬಿದ್ದಿದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಇವತ್ತೇ 599 ಮಾಡಿ, ವಿಷಯ ಮುಗೀತು.

ಶಿರಸಿ_ಉಪ್ಪಿನಕಾಯಿ

ನಾನೂ ಇದನ್ನೇ ಕೇಳಬೇಕು ಅಂತಿದ್ದೆ. ನಂದು ಅಪ್ಪೆಮಿಡಿ ಉಪ್ಪಿನಕಾಯಿ, ನಮ್ಮದೇ ವೆಬ್‌ಸೈಟ್‌ನಲ್ಲಿ ಮಾರ್ತೇನೆ. 200 ಅಂತ ಹಾಕುವುದಕ್ಕಿಂತ 199 ಅಂತ ಹಾಕಿದರೆ ಜಾಸ್ತಿ ಹೋಗುತ್ತದೆ ಅಂತಾರಲ್ಲ, ಅದು ನಿಜವಾ? ನೀವು ಕೊನೆಗೆ 99 ಇಟ್ಟಿದ್ದು ಅದಕ್ಕೇನಾ?

ಹುಬ್ಬಳ್ಳಿ_ಹಾಜರಿ

ಇಲ್ಲ ಅಕ್ಕಾ, ಎರಡರಲ್ಲೂ 99 ಇದೆ. ಹಾಗಾಗಿ 99ರ ಮಹಿಮೆ ಇದರಲ್ಲಿ ಗೊತ್ತಾಗುವುದಿಲ್ಲ. ನನ್ನ ಪ್ರಶ್ನೆ 200 ರೂಪಾಯಿ ಏರಿಸಬಹುದಾ ಅನ್ನುವುದು.

ಲೆಕ್ಕದ_ಶಾರದಾ

ಗಿರಿಯವರು ಅರ್ಧ ದಾರಿ ಸರಿಯಾಗಿ ತೋರಿಸಿದ್ದಾರೆ. "ಇವತ್ತೇ ಮಾಡಿ" ಅನ್ನುವ ಜಾಗದಲ್ಲಿ ನಾನು ನಿಲ್ಲುತ್ತೇನೆ.

ಮೊದಲು ಸರಿ ಇರುವ ಅರ್ಧ. ಬೆಲೆ ಏರಿಸಿದರೆ ಕೊಳ್ಳುವವರು ಕಡಿಮೆ ಆಗಲೇಬೇಕು, ಅದೇನು ಆಶ್ಚರ್ಯ ಅಲ್ಲ. ಎಷ್ಟು ಕಡಿಮೆಯಾದರೆ ನಷ್ಟ ಅನ್ನುವುದನ್ನು ಟೆಸ್ಟ್ ಶುರು ಮಾಡುವ ಮುಂಚೆಯೇ ಬರೆದಿಟ್ಟುಕೊಳ್ಳಬಹುದು. ಹಳೇ ಬೆಲೆಯನ್ನು ಹೊಸ ಬೆಲೆಯಿಂದ ಭಾಗಿಸಿ. 399/599, ಅಂದರೆ ಸುಮಾರು ಮೂರರಲ್ಲಿ ಎರಡು ಪಾಲು. ನಿಮಗೆ 96ರ ಜಾಗದಲ್ಲಿ 64 ಜನ ಬಂದಿದ್ದರೂ ದುಡ್ಡು ಸಮಸಮ. ಬಂದಿದ್ದು 75. ಕನ್ವರ್ಶನ್ ಮಾತ್ರ ನೋಡುವವರಿಗೆ ಕಡಿಮೆ ಬೆಲೆಯೇ ಯಾವಾಗಲೂ ಗೆದ್ದ ಹಾಗೆ ಕಾಣುತ್ತದೆ. ಹಾಗೆ ನೋಡುತ್ತಾ ಹೋದರೆ ಪುಕ್ಕಟೆ ಕೊಡುವುದೇ ಎಲ್ಲಕ್ಕಿಂತ ಒಳ್ಳೇ ಬೆಲೆ ಆಗಬೇಕಲ್ವಾ?

ಈಗ ಇನ್ನರ್ಧ. 14.98ಕ್ಕೂ 12.77ಕ್ಕೂ ಇರುವ 2.21 ರೂಪಾಯಿ ಅಂತರವನ್ನು ಎಷ್ಟು ನಂಬಬಹುದು? ಕೂತು ಲೆಕ್ಕ ಹಾಕಿದೆ. ನೂರಕ್ಕೆ 95ರ ಭರವಸೆ ಬೇಕು ಅಂದರೆ, ನಿಜವಾದ ಅಂತರ 2 ರೂಪಾಯಿ ನಷ್ಟದಿಂದ ಹಿಡಿದು 6 ರೂಪಾಯಿ 40 ಪೈಸೆ ಲಾಭದವರೆಗೆ ಎಲ್ಲಿ ಬೇಕಾದರೂ ಇರಬಹುದು. ಲಾಭದ ಕಡೆ ವಾಲಿದೆ, ನಿಜ. ಆದರೆ ಬಾಗಿಲು ಇನ್ನೂ ತೆರೆದೇ ಇದೆ.

ಗ್ರೋತ್_ಗಿರಿ

ಮೇಡಂ, 3,000 + 3,000 ಜನ ಸಾಲುವುದಿಲ್ವಾ? ನಾನು ಆನ್‌ಲೈನ್ ಕ್ಯಾಲ್ಕುಲೇಟರ್‌ನಲ್ಲಿ 96 ಮತ್ತು 75 ಹಾಕಿದೆ. 90% ಹತ್ತಿರ ತೋರಿಸಿತು.

ಲೆಕ್ಕದ_ಶಾರದಾ

ಆ ಕ್ಯಾಲ್ಕುಲೇಟರ್ ನೋಡಿದ್ದು ಕನ್ವರ್ಶನ್ನು. "599ಕ್ಕೆ ಕೊಳ್ಳುವವರು ಕಡಿಮೆ" ಅನ್ನುವುದಕ್ಕೆ ಅದು 90% ಕೊಟ್ಟಿತು. ಅದು ನಮಗೆ ಮೊದಲೇ ಗೊತ್ತಿತ್ತು! ದುಡ್ಡಿನ ಬಗ್ಗೆ ಅದು ಒಂದು ಮಾತೂ ಆಡಿಲ್ಲ. ಒಂದು ಪ್ರಶ್ನೆಯ ಉತ್ತರವನ್ನು ತಂದು ಇನ್ನೊಂದು ಪ್ರಶ್ನೆಗೆ ಅಂಟಿಸಬಾರದು.

ವಿಸಿಟರ್ ಲೆಕ್ಕದ ದುಡ್ಡು ಕನ್ವರ್ಶನ್‌ಗಿಂತ ಚಂಚಲ. ಹೆಚ್ಚಿನವರು ಸೊನ್ನೆ ಕೊಡುತ್ತಾರೆ, ಅಲ್ಲೊಬ್ಬ ಇಲ್ಲೊಬ್ಬ ಒಂದೇ ಸಲ 599 ಕೊಡುತ್ತಾನೆ. ಬೆಲೆ ದೊಡ್ಡದಾದಷ್ಟೂ ಒಬ್ಬ ಹೆಚ್ಚು ಕಡಿಮೆಯಾದರೆ ಆಗುವ ಅಲುಗಾಟ ದೊಡ್ಡದು. ಈ 2.2 ರೂಪಾಯಿ ಅಂತರವನ್ನು ಗಟ್ಟಿಯಾಗಿ ಹಿಡಿಯಬೇಕು ಅಂದರೆ ಒಂದೊಂದು ಕಡೆಗೂ ಸುಮಾರು 22,000 ಜನ ಬೇಕು. ವಾರಕ್ಕೆ ಸಾವಿರ ಜನ ಬರುವ ಪೇಜಿಗೆ ಅದು ಹತ್ತು ತಿಂಗಳ ಕೆಲಸ.

ಹುಬ್ಬಳ್ಳಿಯವರು ವರ್ಷದ ಪ್ಲಾನ್ ತೆಗೆದಿಟ್ಟಿದ್ದು ಒಳ್ಳೇದಾಯ್ತು. ಯಾರೋ ಒಬ್ಬರು ನಾಲ್ಕೈದು ಬ್ರಾಂಚಿಗೆ ಒಟ್ಟಿಗೆ ವರ್ಷದ ದುಡ್ಡು ಕಟ್ಟಿದ್ದರೆ ಆ ಒಬ್ಬರೇ ಇಡೀ ಟೆಸ್ಟನ್ನು ಎತ್ತಿಬಿಡುತ್ತಿದ್ದರು.

ಹುಬ್ಬಳ್ಳಿ_ಹಾಜರಿ

ಹತ್ತು ತಿಂಗಳಾ! ಅಷ್ಟರಲ್ಲಿ ಒಂದು ಶಾಲೆ ವರ್ಷವೇ ಮುಗಿಯುತ್ತದೆ ಮೇಡಂ. ಜೂನ್‌ನಲ್ಲಿ ಬರುವ ಟ್ಯೂಷನ್‌ನವರೇ ಬೇರೆ, ಪರೀಕ್ಷೆ ಹೊತ್ತಿಗೆ ಬರುವವರೇ ಬೇರೆ.

ಲೆಕ್ಕದ_ಶಾರದಾ

ಅದೂ ಸರಿಯೇ. ಎರಡೂ ಬೆಲೆ ಒಂದೇ ಹೊತ್ತಿನಲ್ಲಿ ಓಡುತ್ತಿದ್ದರೆ ಹೋಲಿಕೆ ಕೆಡುವುದಿಲ್ಲ. ಆದರೆ ಜೂನ್‌ನಲ್ಲಿ ಬಂದ ಉತ್ತರ ಫೆಬ್ರವರಿಗೆ ಹೊಂದುತ್ತದೆ ಅಂತ ಹೇಳಲಾಗುವುದಿಲ್ಲ. ಸಣ್ಣ ಪೇಜಿನವರು ಗಟ್ಟಿ ಉತ್ತರಕ್ಕೆ ಕಾಯುವುದಕ್ಕಿಂತ "ತಪ್ಪಾದರೆ ಎಷ್ಟು ಕಳೆದುಕೊಳ್ಳುತ್ತೇನೆ" ಅಂತ ಕೇಳಿಕೊಳ್ಳುವುದು ಮೇಲು. ನಿಮ್ಮಲ್ಲಿ ಕೆಟ್ಟರೆ ವಿಸಿಟರ್‌ಗೆ 2 ರೂಪಾಯಿ ಹೋಗಬಹುದು, ಸರಿಯಾದರೆ 6 ರೂಪಾಯಿ ಬರಬಹುದು. ಆ ಜೂಜು ಆಡುವವರು ಆಡುತ್ತಾರೆ.

ಒಂದು ಮಾತು ಕೇಳುವುದಿತ್ತು. ಒಬ್ಬ ಗಿರಾಕಿಗೆ ನಿಮ್ಮ ಕೈಯಿಂದ ತಿಂಗಳಿಗೆ ಎಷ್ಟು ಖರ್ಚಾಗುತ್ತದೆ?

ಹುಬ್ಬಳ್ಳಿ_ಹಾಜರಿ

ಪಾಲಕರಿಗೆ ಹೋಗುವ ಮೆಸೇಜಿನದ್ದೇ ದೊಡ್ಡದು. ಸರ್ವರ್, ಪೇಮೆಂಟ್ ಗೇಟ್‌ವೇ ಎಲ್ಲಾ ಸೇರಿ ಒಬ್ಬರಿಗೆ ಸರಾಸರಿ 90 ರೂಪಾಯಿ ಬೀಳುತ್ತದೆ.

ಲೆಕ್ಕದ_ಶಾರದಾ

ಹಾಗಾದರೆ 399ರಲ್ಲಿ ನಿಮಗೆ ಉಳಿಯುವುದು 309, 599ರಲ್ಲಿ 509. ಈಗ ಅದೇ ಭಾಗಾಕಾರ ಮತ್ತೆ ಮಾಡಿ. ಸಮಸಮ ಆಗಲು 64 ಜನ ಬೇಡ, 59 ಸಾಕು. ಉಳಿಯುವ ದುಡ್ಡಿನ ಲೆಕ್ಕದಲ್ಲಿ ವಿಸಿಟರ್‌ಗೆ 9.89 ಮತ್ತು 12.73. ಒಬ್ಬೊಬ್ಬ ಗಿರಾಕಿಗೂ ಖರ್ಚು ಇರುವ ಧಂದೆಯಲ್ಲಿ ಏರಿದ ಬೆಲೆಗೆ ಇನ್ನೂ ಸ್ವಲ್ಪ ಅನುಕೂಲ ಜಾಸ್ತಿ.

ಶಿರಸಿ_ಉಪ್ಪಿನಕಾಯಿ

ಇದು ನನಗೆ ಹೊಂದಿತು ನೋಡಿ. ನನಗೆ ಬಾಟಲಿ, ಎಣ್ಣೆ, ಕೊರಿಯರ್ ಸೇರಿದರೆ 200ರಲ್ಲಿ 140 ಹೋಗುತ್ತದೆ. ಕೈಯಲ್ಲಿ 60. ಬೆಲೆ 230 ಮಾಡಿದರೆ ಕೈಯಲ್ಲಿ 90. ಅಂದರೆ ಮೂರರಲ್ಲಿ ಒಬ್ಬರು ಬಿಟ್ಟು ಹೋದರೂ ನನಗೆ ಅಷ್ಟೇ ಉಳಿಯುತ್ತದೆ, ಕೆಲಸವೂ ಕಡಿಮೆ! ಆದರೆ ಬಾಟಲಿ ಮೇಲೆ ಎಂ.ಆರ್.ಪಿ. 200 ಅಂತ ಅಚ್ಚಾಗಿದೆಯಲ್ಲ. ಅರ್ಧ ಜನಕ್ಕೆ 230 ತೋರಿಸಬಹುದಾ?

ಲೆಕ್ಕದ_ಶಾರದಾ

ತೋರಿಸಬಾರದು. ಅಚ್ಚಾದ ಎಂ.ಆರ್.ಪಿ.ಗಿಂತ ಜಾಸ್ತಿಗೆ ಮಾರುವ ಹಾಗಿಲ್ಲ. ಹೊಸ ಬ್ಯಾಚಿಗೆ 230 ಅಂತ ಅಚ್ಚು ಹಾಕಿಸಿ, ಆಮೇಲೆ ಅರ್ಧ ಜನಕ್ಕೆ 200ಕ್ಕೆ ಕೊಡಿ. ಇಳಿಸಿ ಮಾರುವುದಕ್ಕೆ ಅಡ್ಡಿಯಿಲ್ಲ.

ಪುತ್ತೂರು_ಕೋಡು

ಬೆಲೆ ವಿಷಯ ನನಗೆ ಜಾಸ್ತಿ ಗೊತ್ತಿಲ್ಲ, ಡೇಟಾ ಕಡೆಯಿಂದ ಒಂದು ಮಾತು. ಹುಬ್ಬಳ್ಳಿಯವರೇ, ಈ ಲೆಕ್ಕ ಎಲ್ಲಿಂದ ತೆಗೆದಿರಿ? ನಾನು ಒಮ್ಮೆ ಇದೇ ಥರದ ರಿಪೋರ್ಟ್ ಬರೆದು ಆಫೀಸಿನಲ್ಲಿ ಮಾನ ಕಳೆದುಕೊಂಡಿದ್ದೆ. ವಿಸಿಟರ್ ಟೇಬಲ್ಲನ್ನು ಪೇಮೆಂಟ್ ಟೇಬಲ್ಲಿಗೆ ಸುಮ್ನೆ `JOIN` ಮಾಡಿದ್ದೆ. ದುಡ್ಡು ಕೊಡದವರೆಲ್ಲಾ ಸದ್ದಿಲ್ಲದೆ ಉದುರಿಹೋದರು. ಉಳಿದವರು ಬರೀ ಕೊಂಡವರು. "ವಿಸಿಟರ್‌ಗೆ 612 ರೂಪಾಯಿ" ಅಂತ ಬಂತು. ಯಾರಿಗೂ ಅನುಮಾನ ಬರಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡು ದಿನ ಬಿಟ್ಟು ಗೊತ್ತಾಯ್ತು.

ಹೀಗೆ ಬರೆಯಿರಿ:

```sql
SELECT v.variant,
       COUNT(*) AS visitors,
       SUM(COALESCE(p.net, 0)) * 1.0 / COUNT(*) AS rpv
FROM visitors v
LEFT JOIN (
  SELECT visitor_id, SUM(amount - gst - refund) AS net
  FROM payments
  GROUP BY visitor_id
) p ON p.visitor_id = v.visitor_id
GROUP BY v.variant;
```

ಒಬ್ಬ ವಿಸಿಟರ್‌ಗೆ ಒಂದೇ ಸಾಲು ಇರಬೇಕು. ಬಂದ ಉತ್ತರ ಬೆಲೆಯ ಹತ್ತಿರ ಇದ್ದರೆ ಏನೋ ಎಡವಟ್ಟಾಗಿದೆ ಅಂತ ತಿಳಿದುಕೊಳ್ಳಿ. ವಿಸಿಟರ್ ಲೆಕ್ಕದ ದುಡ್ಡು ಬೆಲೆಗಿಂತ ತುಂಬಾ ಕೆಳಗೇ ಇರುತ್ತದೆ.

ಇನ್ನೊಂದು. "ಒಬ್ಬರಿಗೆ ಎ, ಮುಂದಿನವರಿಗೆ ಬಿ" ಅಂದಿರಲ್ಲ. ಅದೇ ಮನುಷ್ಯ ಬೆಳಿಗ್ಗೆ ಮೊಬೈಲಲ್ಲಿ ನೋಡಿ, ಸಂಜೆ ಕಂಪ್ಯೂಟರಲ್ಲಿ ನೋಡಿದರೆ?

ಹುಬ್ಬಳ್ಳಿ_ಹಾಜರಿ

ಲೆಕ್ಕ ತೆಗೆದಿದ್ದು ಸರಿಯಾಗಿಯೇ ಇದೆ, ಈಗ ನಿಮ್ಮದನ್ನು ಓಡಿಸಿ ನೋಡಿದೆ, ಅದೇ ಬಂತು. ಜಿ.ಎಸ್.ಟಿ. ಸೇರಿಸಿಲ್ಲ.

ಮೊಬೈಲ್ ವಿಷಯದಲ್ಲಿ ಸಿಕ್ಕಿಬಿದ್ದೆ. ಕುಕೀಯಲ್ಲಿ ಇಟ್ಟಿದ್ದೆ, ಬೇರೆ ಫೋನಾದರೆ ಬೇರೆ ಬೆಲೆ ಕಾಣಬಹುದು. ಒಂದು ಪ್ರಸಂಗವೂ ಆಯ್ತು. ಧಾರವಾಡ ಸಪ್ತಾಪುರದಲ್ಲಿ ಒಂದೇ ರಸ್ತೆಯಲ್ಲಿ ಇಬ್ಬರು ಕೋಚಿಂಗ್ ಸರ್‌ಗಳು. ಒಬ್ಬರು 399ಕ್ಕೆ ತಗೊಂಡು, ಚಹಾ ಕುಡಿಯುವಾಗ ಇನ್ನೊಬ್ಬರಿಗೆ ಹೇಳಿದ್ದಾರೆ. ಅವರು ಪೇಜ್ ತೆರೆದರೆ 599. ನನಗೆ ಫೋನ್ ಬಂತು. "ಏನ್ರೀ ಇದು, ಮುಖ ನೋಡಿ ರೇಟ್ ಹಚ್ತೀರೇನು?" ನನಗೆ ಮಾತೇ ಹೊರಡಲಿಲ್ಲ. 399ಕ್ಕೇ ಕೊಟ್ಟು, ಕ್ಯೂಆರ್ ಕಳಿಸಿ ದುಡ್ಡು ತಗೊಂಡೆ. ಲೆಕ್ಕದಲ್ಲಿ ಅವರನ್ನು ಎರಡೂ ಕಡೆ ಸೇರಿಸಿಲ್ಲ.

ಲೆಕ್ಕದ_ಶಾರದಾ

ಸೇರಿಸಬೇಕು, 599ರ ಕಡೆಗೇ. ಅವರು ನೋಡಿದ್ದು 599, ಕೊಟ್ಟಿದ್ದು 399. ಹಾಗೇ ಬರೆಯಿರಿ. ಏರಿದ ಬೆಲೆ ನೋಡಿ ಚೌಕಾಸಿ ಮಾಡುವುದೂ ಆ ಬೆಲೆಯ ಫಲವೇ. ಒಬ್ಬರಿಂದ 14.98 ಹೋಗಿ 15.11 ಆಗುತ್ತದೆ, ಅಷ್ಟೇ. ಹತ್ತು ಜನ ಹೀಗೆ ಫೋನ್ ಮಾಡಿದ್ದರೆ ಆಗ ಇದೇ ದೊಡ್ಡ ಸುದ್ದಿ.

ಕೇಳಿದವರಿಗೆ ತಕ್ಷಣ ಕಡಿಮೆ ಬೆಲೆ ಕೊಟ್ಟಿದ್ದು ಒಳ್ಳೇದು ಮಾಡಿದಿರಿ. 2000ದ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಡಿವಿಡಿಗಳಿಗೆ ಬೇರೆ ಬೇರೆ ಜನರಿಗೆ ಬೇರೆ ಬೇರೆ ಬೆಲೆ ತೋರಿಸಿ ನೋಡಿತ್ತು. ಕೊಂಡವರು ತಮ್ಮತಮ್ಮಲ್ಲೇ ಬೆಲೆ ಹೋಲಿಸಿ ನೋಡಿ ರಂಪ ಮಾಡಿದರು. ಕೊನೆಗೆ ಕಂಪನಿ ತಪ್ಪಾಯ್ತು ಅಂತ ಒಪ್ಪಿಕೊಂಡು 6,896 ಗ್ರಾಹಕರಿಗೆ ಸರಾಸರಿ 3 ಡಾಲರ್ 10 ಸೆಂಟ್ ವಾಪಸ್ ಕೊಟ್ಟಿತು. ಅಷ್ಟು ದೊಡ್ಡವರಿಗೇ ಮುಚ್ಚಿಡಲು ಆಗಲಿಲ್ಲ, ಸಪ್ತಾಪುರದ ಚಹಾ ಅಂಗಡಿಯಲ್ಲಿ ನಿಮಗಾಗುತ್ತದಾ?

ಗ್ರೋತ್_ಗಿರಿ

ಹ್ಹ ಹ್ಹ. ಆದರೆ ಹಾಗಂತ ಟೆಸ್ಟ್ ಮಾಡಲೇಬಾರದು ಅಂತಲ್ಲವಲ್ಲ?

ಲೆಕ್ಕದ_ಶಾರದಾ

ಅಲ್ಲ. ಇಬ್ಬರಿಗೂ ಒಂದೇ ಸರಕು, ಬೇರೆ ಬೆಲೆ ಅನ್ನುವುದನ್ನು ಕೆಲವು ವಾರಕ್ಕಿಂತ ಜಾಸ್ತಿ ಎಳೆಯಬಾರದು, ಹಳೇ ಗಿರಾಕಿಗಳನ್ನು ಮುಟ್ಟಬಾರದು ಅಂತ ನನ್ನ ಅಭಿಪ್ರಾಯ. ಇದಕ್ಕೆ ಒಪ್ಪದವರೂ ಇದ್ದಾರೆ. ಮೊದಲ ತಿಂಗಳು 399, ಎರಡನೇ ತಿಂಗಳು 599 ಅಂತ ಎಲ್ಲರಿಗೂ ಒಂದೇ ಬೆಲೆ ಇಡಿ ಅಂತಾರೆ. ಜಗಳ ಬರುವುದಿಲ್ಲ, ಆದರೆ ಸೀಸನ್ ಬೆರೆತುಹೋಗುತ್ತದೆ.

ಹುಬ್ಬಳ್ಳಿಯವರೇ, ನಿಮ್ಮದು ತಿಂಗಳ ಚಂದಾ. ಇಲ್ಲಿಯವರೆಗೆ ನಾವೆಲ್ಲಾ ಜಗಳಾಡಿದ್ದು ಬರೀ ಮೊದಲ ತಿಂಗಳ ದುಡ್ಡಿನ ಮೇಲೆ. ಕೊನೆಯ ಗಿರಾಕಿಯ ಮೂರನೇ ಬಿಲ್ಲು ಬಂದ ಮೇಲೆ ಇದೇ ಲೆಕ್ಕ ಇನ್ನೊಮ್ಮೆ ಹಾಕಿ. ಅಲ್ಲಿಯವರೆಗೆ ಪೇಜಿನಲ್ಲಿ ಯಾವುದಾದರೂ ಒಂದೇ ಬೆಲೆ ಇಡಿ. ಟೆಸ್ಟಿನಲ್ಲಿ ಸೇರಿದವರಿಗೆ ಅವರವರ ಬೆಲೆಯೇ ಇರಲಿ.

ಹುಬ್ಬಳ್ಳಿ_ಹಾಜರಿ *(ಎರಡೂವರೆ ತಿಂಗಳ ನಂತರ)*

ಮೇಡಂ ಹೇಳಿದ್ದು ಮಾಡಿ ಬಂದಿದ್ದೇನೆ. ಮಧ್ಯೆ 399 ಇಟ್ಟಿದ್ದೆ.

399ರವರು: ಮೊದಲ ತಿಂಗಳು 96, ಎರಡನೇ ತಿಂಗಳು 84, ಮೂರನೇ ತಿಂಗಳು 78 ಜನ ಕಟ್ಟಿದರು.
599ರವರು: 75, 60, 51.

ಮೂರೂ ತಿಂಗಳು ಕೂಡಿಸಿದರೆ 399ರಿಂದ 1,02,942, ವಿಸಿಟರ್‌ಗೆ 34.31. 599ರಿಂದ 1,11,414, ವಿಸಿಟರ್‌ಗೆ 37.14. ಮೊದಲು 17% ಇದ್ದ ಮುನ್ನಡೆ 8%ಗೆ ಇಳಿದಿದೆ. ಮೂರನೇ ತಿಂಗಳನ್ನು ಮಾತ್ರ ನೋಡಿದಾಗ ನನಗೆ ಎದೆ ಧಸಕ್ಕೆಂದಿತು: 399ರಿಂದ 31,122, 599ರಿಂದ 30,549. ಹಿಂದೆ ಬಿದ್ದಿದೆ! (ಸಪ್ತಾಪುರದ ಸರ್ ಈ ಲೆಕ್ಕದಲ್ಲಿಲ್ಲ. ಅವರು ಇನ್ನೂ ಇದ್ದಾರೆ, ಇನ್ನಿಬ್ಬರನ್ನು ಕರೆತಂದಿದ್ದಾರೆ.)

ಗ್ರೋತ್_ಗಿರಿ

ಅಯ್ಯೋ. ನನ್ನ ಮಾತು ಕೇಳಿ ಅವತ್ತೇ 599 ಮಾಡಲಿಲ್ಲವಲ್ಲ, ಪುಣ್ಯ. ಆದರೂ ಖರ್ಚು ಕಳೆದು ನೋಡಿದರೆ? 78 × 309 = 24,102. 51 × 509 = 25,959. 599 ಇನ್ನೂ ಮುಂದೆಯೇ ಇದೆ ಅಲ್ವಾ?

ಲೆಕ್ಕದ_ಶಾರದಾ

ಹೌದು, ಇದು ಒಳ್ಳೇ ಪಾಯಿಂಟು ಗಿರಿಯವರೇ. ಕೈಗೆ ಉಳಿಯುವುದರಲ್ಲಿ ಮುಂದೆ ಇದೆ, ಆದರೆ ಆ ಮುನ್ನಡೆಯೂ ತಿಂಗಳಿಂದ ತಿಂಗಳಿಗೆ ಸವೆಯುತ್ತಿದೆ. ಆರನೇ ತಿಂಗಳಿಗೆ ಎಲ್ಲಿ ನಿಲ್ಲುತ್ತದೋ. ಇಷ್ಟು ಸಣ್ಣ ಸಂಖ್ಯೆಯಲ್ಲಿ ಐದಾರು ಜನ ಆಚೀಚೆ ಆದರೂ ಚಿತ್ರ ಬದಲಾಗುತ್ತದೆ ಅನ್ನುವುದೂ ನೆನಪಿರಲಿ.

599 ಬಿಟ್ಟು ಹೋದ 24 ಜನ ಯಾಕೆ ಹೋದರು ಅಂತ ನೋಡಿದಿರಾ?

ಹುಬ್ಬಳ್ಳಿ_ಹಾಜರಿ

ನೋಡಿದೆ. 15 ಜನ ತಾವೇ ಕ್ಯಾನ್ಸಲ್ ಮಾಡಿದ್ದಾರೆ. 9 ಜನ ಕ್ಯಾನ್ಸಲ್ ಮಾಡಿಲ್ಲ, ಆಟೋಪೇ ಫೇಲ್ ಆಗಿದೆ, ಖಾತೆಯಲ್ಲಿ ದುಡ್ಡಿರಲಿಲ್ಲ. 399ರ ಕಡೆ ಹೋದ 18ರಲ್ಲಿ ಆಟೋಪೇ ಫೇಲ್ 5.

ಪುತ್ತೂರು_ಕೋಡು

ಫೇಲ್ ಆದಾಗ ಮತ್ತೆ ಪ್ರಯತ್ನಿಸುತ್ತದಾ ನಿಮ್ಮ ಸಿಸ್ಟಂ? ಯಾವ ತಾರೀಕಿಗೆ ಎಳೆಯುತ್ತದೆ?

ಹುಬ್ಬಳ್ಳಿ_ಹಾಜರಿ

ಸೇರಿದ ತಾರೀಕಿಗೇ. ಒಂದೇ ಸಲ. ಟ್ಯೂಷನ್‌ನವರಿಗೆ ಫೀಸು ಬರುವುದು 5ರಿಂದ 10ನೇ ತಾರೀಕಿನೊಳಗೆ. 28ಕ್ಕೆ ಎಳೆದರೆ ಎಲ್ಲಿಂದ ಬರಬೇಕು... ಇದು ನನಗೆ ಹೊಳೆದೇ ಇರಲಿಲ್ಲ.

ಶಿರಸಿ_ಉಪ್ಪಿನಕಾಯಿ

ಇನ್ನೊಂದು ಕೇಳಲಾ, ಬೇಜಾರಿಲ್ಲ ತಾನೇ. ನಿಮ್ಮ ಪೇಜಿನಲ್ಲಿ 599 ಅಂತ ಇರುತ್ತದೆ, ಕಟ್ಟುವಾಗ ಜಿ.ಎಸ್.ಟಿ. ಸೇರುತ್ತದಲ್ಲ? ನಮ್ಮ ತಮ್ಮ ಮನೆಯಲ್ಲೇ ಮೂವತ್ತು ಮಕ್ಕಳಿಗೆ ಟ್ಯೂಷನ್ ಮಾಡ್ತಾನೆ. ಅವನಿಗೆ ಜಿ.ಎಸ್.ಟಿ. ನಂಬರ್ ಇಲ್ಲ. 18% ಅವನ ಜೇಬಿನಿಂದಲೇ ಹೋಗುತ್ತದೆ.

ಹುಬ್ಬಳ್ಳಿ_ಹಾಜರಿ

ಹೌದು ಅಕ್ಕಾ. 399ರವರಿಗೆ 471, 599ರವರಿಗೆ 707 ಆಗುತ್ತದೆ. ಪೇಜಿನಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ್ದೇನೆ.

ಲೆಕ್ಕದ_ಶಾರದಾ

ಪೇಜಿನಿಂದ ದುಡ್ಡು ಕಟ್ಟುವ ಸ್ಕ್ರೀನಿಗೆ ಹೋದವರೆಷ್ಟು, ಅಲ್ಲಿಂದ ವಾಪಸ್ ಬಂದವರೆಷ್ಟು? ಎರಡೂ ಬೆಲೆಗೆ ಬೇರೆ ಬೇರೆ ತೆಗೆಯಿರಿ. 600ರ ಒಳಗೆ ಅಂದುಕೊಂಡು ಹೋದವರು 707 ನೋಡಿ ಓಡಿದ್ದರೆ ನಿಮ್ಮ 75 ನಿಜವಾಗಿ 599ರ ಲೆಕ್ಕವೇ ಅಲ್ಲ.

ಹುಬ್ಬಳ್ಳಿ_ಹಾಜರಿ

ಆ ಲಾಗ್ ಇಟ್ಟಿಲ್ಲ ಮೇಡಂ. ಈಗ ಹಾಕಿಸುತ್ತೇನೆ. ಎಳೆಯುವ ತಾರೀಕನ್ನು 7ಕ್ಕೆ ಬದಲಾಯಿಸಿ, ಜಿ.ಎಸ್.ಟಿ. ಸೇರಿಸಿದ ಬೆಲೆಯನ್ನೇ ದಪ್ಪಕ್ಷರದಲ್ಲಿ ಹಾಕಿ, ಜೂನ್‌ನಲ್ಲಿ ಇನ್ನೊಮ್ಮೆ ಓಡಿಸುತ್ತೇನೆ. ನಮ್ಮ ಹುಡುಗ ಮಾತ್ರ "ನಾನು ಅವತ್ತೇ ಹೇಳಿರಲಿಲ್ವಾ" ಅಂತ ಊರೆಲ್ಲಾ ಹೇಳಿಕೊಂಡು ತಿರುಗುತ್ತಿದ್ದಾನೆ.

ಗ್ರೋತ್_ಗಿರಿ

ಜೂನ್‌ನಲ್ಲಿ 599ರ ಬದಲು 499 ಇಟ್ಟು ನೋಡಿದರೆ?

ಲೆಕ್ಕದ_ಶಾರದಾ

ಬೆಲೆಗಳು ಹತ್ತಿರ ಬಂದಷ್ಟೂ ವ್ಯತ್ಯಾಸ ಹಿಡಿಯಲು ಜನ ಜಾಸ್ತಿ ಬೇಕು. ವಾರಕ್ಕೆ ಸಾವಿರ ಜನ ಇಟ್ಟುಕೊಂಡು 499 ಹಿಡಿಯಲು ಹೋದರೆ ನಾವೆಲ್ಲಾ ಇಲ್ಲೇ ಮುದುಕರಾಗುತ್ತೇವೆ.